ಗುಡ್ಡ ಹತ್ತಿಸಿದ್ದು ಸಾಕು: ಹಾಕಿ ಕಥೆಯಲ್ಲಿ ತರಬೇತಿ ದೃಶ್ಯ ಬರೆಯುವ ಬಗೆ

ಕೆಲವು ವರ್ಷಗಳ ಹಿಂದೆ ನಾನೊಂದು ಹಾಕಿ ಕಥೆ ಬರೆದೆ. ಕೊಡಗಿನ ಒಂದು ಸಣ್ಣ ಒಕ್ಕ, ಅಂದರೆ ಒಂದೇ ಮನೆತನದವರು. ಒಕ್ಕಗಳು ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿಯಲ್ಲಿ ಮೊದಲ ಸುತ್ತು ದಾಟಿದ್ದೇ ಇಲ್ಲದ ತಂಡ. ಅದರಲ್ಲೊಬ್ಬಳು ಹುಡುಗಿ. ಕಥೆಯಲ್ಲಿ ಐದು ತರಬೇತಿ ದೃಶ್ಯ ಇದ್ದವು. ಐದರಲ್ಲೂ ಅವಳು ಬೆಳಗಿನ ಮಂಜಿನಲ್ಲಿ ಕಾಫಿ ತೋಟದ ಏರು ದಾರಿ ಓಡುತ್ತಾಳೆ. ಮೊದಲ ದಿನ ಅರ್ಧಕ್ಕೇ ಕೂತುಬಿಡುತ್ತಾಳೆ. ಆಮೇಲೆ ಮುಕ್ಕಾಲು ಭಾಗ. ಐದನೆಯದರಲ್ಲಿ ಗುಡ್ಡದ ತುದಿ ಮುಟ್ಟಿ ಸೂರ್ಯನ ಕಡೆ ನೋಡುತ್ತಾಳೆ. ಬರೆದಾಗ ನನಗೇ ರೋಮಾಂಚನ ಆಗಿತ್ತು. ಓದಿದ ಗೆಳೆಯ ಹೇಳಿದ್ದು ಇಷ್ಟೇ: "ಹುಡುಗಿ ಚೆನ್ನಾಗಿ ಓಡ್ತಾಳೆ. ಆದ್ರೆ ಯಾರು ಅವಳು?"

ಸಿಟ್ಟು ಬಂತು. ಆಮೇಲೆ ಒಂದು ಕೆಲಸ ಮಾಡಿದೆ. ಎರಡನೇ ದೃಶ್ಯವನ್ನೂ ನಾಲ್ಕನೆಯದನ್ನೂ ಅದಲುಬದಲು ಮಾಡಿ ಇನ್ನೊಬ್ಬರಿಗೆ ಓದಲು ಕೊಟ್ಟೆ. ಅವರಿಗೆ ಗೊತ್ತೇ ಆಗಲಿಲ್ಲ. ಅವಳು ಎಷ್ಟು ಎತ್ತರ ಹತ್ತಿದಳು ಅನ್ನೋ ಒಂದು ಸಾಲು ಬಿಟ್ಟರೆ ಎರಡು ದೃಶ್ಯಕ್ಕೂ ವ್ಯತ್ಯಾಸ ಇರಲಿಲ್ಲ. ದೃಶ್ಯಗಳನ್ನು ಕಲಸಿದರೂ ಕಥೆ ಕದಲದಿದ್ದರೆ ಅಲ್ಲಿ ಐದು ದೃಶ್ಯ ಇಲ್ಲ, ಒಂದೇ ದೃಶ್ಯ ಐದು ಸಲ ಇದೆ ಅಂತ ಆಗ ಅರ್ಥವಾಯಿತು. ಈಗಲೂ ಯಾರಾದರೂ ಕ್ರೀಡಾ ಕಥೆ ತಂದು ತೋರಿಸಿದರೆ ನಾನು ಮೊದಲು ಮಾಡುವ ಪರೀಕ್ಷೆ ಇದೇ.

ಸಿನಿಮಾದಲ್ಲಿ ಈ ಓಟ ನಡೆಯುತ್ತೆ. ಮೂರು ನಿಮಿಷದ ಹಾಡು ಹಾಕಿ, ಬೆವರು, ಕೆಸರು, ಏಳೋದು, ಬೀಳೋದು ತೋರಿಸಿದರೆ ಆಯ್ತು. ಅಲ್ಲಿ ಒಂದು ನಿಜವಾದ ಮೈ ಕಣ್ಣೆದುರಿಗೆ ದಣಿಯುತ್ತಿರುತ್ತೆ. ಬರವಣಿಗೆಯಲ್ಲಿ ಬೆವರು ಅನ್ನೋದು ಮೂರಕ್ಷರದ ಪದ. ಎರಡನೇ ಸಲ ಬಂದಾಗಲೇ ಓದುಗ ಅದರ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗ್ತಾನೆ. ಆದರೆ ಬರವಣಿಗೆಗೆ ಇನ್ನೊಂದು ಅನುಕೂಲ ಇದೆ. "ಜನವರಿಯಿಂದ ಏಪ್ರಿಲ್‌ವರೆಗೆ ದಿನಾ ಓಡಿದಳು" ಅಂತ ಒಂದೇ ವಾಕ್ಯದಲ್ಲಿ ನಾಲ್ಕು ತಿಂಗಳು ಮುಗಿಸಬಹುದು. ಮತ್ತೆ ಮತ್ತೆ ಆಗುವುದನ್ನು ವಾಕ್ಯಕ್ಕೆ ಬಿಡಬೇಕು. ಒಂದೇ ಸಲ ಆಗಿ, ಆದಮೇಲೆ ಮೊದಲಿನಂತಿರಲು ಬಿಡದ್ದಕ್ಕೆ ಮಾತ್ರ ದೃಶ್ಯ ಕೊಡಬೇಕು.

ಕಥೆಯನ್ನು ಮತ್ತೆ ಬರೆಯಲು ಕೂತಾಗ ಮೊದಲು ಎದುರಾದದ್ದು ತರಬೇತಿ ಅಲ್ಲ, "ಸೋಲುವ ತಂಡ" ಅನ್ನೋ ಮಾತು. ಬೇರೆ ಊರಲ್ಲಾದರೆ ಸ್ಟಿಕ್ ಹಿಡಿಯಲೂ ಬಾರದ ಹುಡುಗರು ಅಂತ ಶುರು ಮಾಡಬಹುದು. ಕೊಡಗಿನಲ್ಲಿ ಯಾರು ನಂಬ್ತಾರೆ? ಭಾರತ ತಂಡಕ್ಕೆ ಆಡಿದ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರ ಜಿಲ್ಲೆ ಇದು. ಅಟ್ಟದ ಮೇಲೆ ಒಂದಾದರೂ ಹಳೇ ಸ್ಟಿಕ್ ಇಲ್ಲದ ಮನೆ ಹುಡುಕೋದು ಕಷ್ಟ. ಇಲ್ಲಿ ತಂಡ ದುರ್ಬಲ ಆಗೋದು ಆಟ ಬರದೆ ಅಲ್ಲ, ಜನ ಸಾಲದೆ. ಒಕ್ಕ ಚಿಕ್ಕದು, ಅರ್ಧ ಜನ ಬೆಂಗಳೂರಲ್ಲಿ, ಇನ್ನರ್ಧ ಜನಕ್ಕೆ ಮಂಡಿ ನೋವು. ಹನ್ನೊಂದು ಜನ ಆಗಬೇಕಾದರೆ ಹುಡುಗಿಯರೂ ಇಳಿಯಬೇಕು, ಐವತ್ತು ದಾಟಿದವರೂ ಇಳಿಯಬೇಕು. ಕೌಟುಂಬಿಕ ಹಾಕಿಯಲ್ಲಿ ಅದಕ್ಕೆ ಅವಕಾಶ ಇದೆ.

ಗೆಲುವಿನ ಅಳತೆಯನ್ನೂ ಇಲ್ಲೇ ಸರಿ ಮಾಡಿಕೊಳ್ಳಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಈ ಹಾಕಿ ಹಬ್ಬ ಶುರು ಮಾಡಿದಾಗ ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿಗೆ ಬಂದದ್ದು 360. ಸೋತರೆ ಮನೆಗೆ ಅನ್ನೋ ಲೆಕ್ಕದಲ್ಲಿ ಅಷ್ಟು ತಂಡದ ನಡುವೆ ಕಪ್ ಎತ್ತಬೇಕಾದರೆ ಎಂಟೊಂಬತ್ತು ಪಂದ್ಯ ಗೆಲ್ಲಬೇಕು. ನನ್ನ ಮಂಡಿ ನೋವಿನ ತಂಡ ಕಪ್ ಎತ್ತಿದರೆ ಗೋಣಿಕೊಪ್ಪದಲ್ಲಿ ನಗ್ತಾರೆ. ಹಾಗಾಗಿ ಹೊಸ ಕರಡಿನಲ್ಲಿ ಅವರ ಗುರಿ ಒಂದು ಪಂದ್ಯ ಗೆಲ್ಲುವುದು, ಅಷ್ಟೇ. ಗುರಿ ಚಿಕ್ಕದಾದ ಕೂಡಲೇ ಒಂದು ಲಾಭ ಆಯ್ತು. ಇಡೀ ಆಟ ಕಲಿಸುವ ತಲೆನೋವು ತಪ್ಪಿತು, ಆಟದ ಒಂದು ತುಣುಕು ಸಾಕು.

ನಾನು ಆರಿಸಿಕೊಂಡದ್ದು ಪೆನಾಲ್ಟಿ ಕಾರ್ನರ್. ಹಾಕಿ ನೋಡದವರಿಗೆ ಎರಡು ಮಾತು. ಗೋಲಿನ ಮುಂದೆ ಅರ್ಧಚಂದ್ರದಂಥ ಗೆರೆ ಇರುತ್ತೆ, ಅದಕ್ಕೆ ಸರ್ಕಲ್ ಅಂತಾರೆ. ಗೋಲಿನಿಂದ ಅದರ ದೂರ 14.63 ಮೀಟರ್. ಕಾರ್ನರ್ ಸಿಕ್ಕಾಗ ಒಬ್ಬ ಆಟಗಾರ ಗೋಲಿನ ಪಕ್ಕದ ಗೆರೆಯಿಂದ, ಕಂಬಕ್ಕಿಂತ ಕನಿಷ್ಠ 10 ಮೀಟರ್ ಆಚೆ ನಿಂತು ಚೆಂಡನ್ನು ತಳ್ತಾನೆ. ಸರ್ಕಲ್‌ನ ತುದಿಯಲ್ಲಿ, ಗೆರೆಯ ಹೊರಗೆ ಇನ್ನೊಬ್ಬ ಅದನ್ನು ನಿಲ್ಲಿಸ್ತಾನೆ. ಒಳಕ್ಕೆ ಸರಿಸುತ್ತಿದ್ದ ಹಾಗೇ ಮೂರನೆಯವ ಹೊಡೀತಾನೆ. ಎದುರಾಳಿಗಳು ಗೋಲ್‌ಕೀಪರ್ ಸೇರಿ ಐದೇ ಜನ. ಆದರೆ ಚೆಂಡು ತಳ್ಳಿದ ಕ್ಷಣ ಅವರು ಓಡಿ ಬರ್ತಾರೆ. ಎಲ್ಲ ಮುಗಿಯೋದು ಎರಡು ಸೆಕೆಂಡ್ ಆಸುಪಾಸಿನಲ್ಲಿ.

ಇದನ್ನೇ ಯಾಕೆ ಆರಿಸಿದೆ ಅಂದರೆ, ನಿಲ್ಲಿಸುವವರ ಕೆಲಸದಲ್ಲಿ ಒಂದು ವಿಚಿತ್ರ ಇದೆ. ಜಾಸ್ತಿ ಪ್ರಯತ್ನ ಪಟ್ಟಷ್ಟೂ ಕೆಲಸ ಕೆಡುತ್ತೆ. ಸ್ಟಿಕ್ ಅನ್ನು ನೆಲಕ್ಕೆ ಹತ್ತಿರ ಮಲಗಿಸಿ, ಹಿಡಿ ಸ್ವಲ್ಪ ಮುಂದಕ್ಕೆ ಬಾಗಿಸಿ, ಕೆಳಗಿನ ಬಲಗೈ ಸಡಿಲ ಬಿಡಬೇಕು. ಆಗ ಚೆಂಡು ಬಡಿದಾಗ ಸ್ಟಿಕ್ ಒಂಚೂರು ಹಿಂದೆ ಸರಿದು ಅದರ ವೇಗ ಕುಡಿಯುತ್ತೆ. ಕೈ ಬಿಗಿ ಇದ್ದರೆ ಸ್ಟಿಕ್ ಗೋಡೆ ಆಗುತ್ತೆ. ಚೆಂಡು 160 ಗ್ರಾಂ ಆಸುಪಾಸಿನ ಗಟ್ಟಿ ಮಾಲು, ಗೋಡೆಗೆ ಬಡಿದರೆ ಮೂರಡಿ ಆಚೆ ಹಾರುತ್ತೆ. ಅಷ್ಟರಲ್ಲಿ ಎದುರಾಳಿ ಬಂದಾಯ್ತು. ಇಂಥ ಕೌಶಲ್ಯ ಕೈಗೆ ಸಿಕ್ಕರೆ ಬರೆಯುವವರ ಅರ್ಧ ಕೆಲಸ ಹಗುರ. "ಇನ್ನೂ ಸ್ವಲ್ಪ ಕಷ್ಟಪಡು" ಅನ್ನೋ ದಾರಿ ಮೊದಲೇ ಮುಚ್ಚಿರುತ್ತೆ. ಹುಡುಗಿ ಬೇರೆ ಏನನ್ನೋ ಬದಲಿಸಿಕೊಳ್ಳಲೇಬೇಕು, ನಾನು ಅದೇನು ಅಂತ ಹುಡುಕಲೇಬೇಕು.

ಅವಳಿಗೆ ದೇಚು ಅಂತ ಹೆಸರಿಟ್ಟೆ. ಅಪ್ಪ ತೀರಿಕೊಂಡ ಮೇಲೆ ತೋಟ ಅವಳೇ ನೋಡಿಕೊಳ್ತಾಳೆ. ಕೂಲಿ ಲೆಕ್ಕ, ಗೊಬ್ಬರ, ಕಾಫಿ ಮಾರಾಟ, ಎಲ್ಲ ಅವಳ ಕೈಯಲ್ಲೇ. ಯಾರನ್ನೂ ನಂಬೋಲ್ಲ, ನಂಬಿದರೆ ಕೆಲಸ ಕೆಡುತ್ತೆ ಅನ್ನೋದು ಅವಳ ಅನುಭವ. ಚಿಕ್ಕಪ್ಪನ ಮನೆಗೂ ಇವರಿಗೂ ಪಾಲಾದಾಗಿನಿಂದ ಮಾತು ಕಡಿಮೆ. ಚೆಂಡು ತಳ್ಳುವವನು ಆ ಚಿಕ್ಕಪ್ಪನ ಮಗ, ಬೆಂಗಳೂರಿನಿಂದ ವಾರಕ್ಕೊಮ್ಮೆ ಬರುವವನು. ಕಲಿಸುವುದು ದೊಡ್ಡಮ್ಮ. ಕೊಡಗಿನ ಕಥೆ ಅಂದ ಕೂಡಲೇ ಮೀಸೆ ತಿರುವುವ ನಿವೃತ್ತ ಸುಬೇದಾರ್ ಕೋಚ್ ಆಗಿ ಬರ್ತಾನೆ, ಅವನಿಗೆ ಈ ಸಲ ರಜೆ ಕೊಟ್ಟೆ. ದೊಡ್ಡಮ್ಮ ಕಾಲೇಜಿನಲ್ಲಿ ಆಡಿದವರು, ಈಗ ಕುರ್ಚಿಯಿಂದ ಏಳೋಲ್ಲ. ಇವರೆಲ್ಲ ಮನೆಯಲ್ಲಿ ಮಾತಾಡೋದು ಕೊಡವರ ಭಾಷೆ, ಕೊಡವ ತಕ್ಕ್. ಕಥೆಯಲ್ಲಿ ಕನ್ನಡಕ್ಕೆ ತಂದಿದ್ದೇನೆ, ಮಗು ಅನ್ನೋ ಅರ್ಥದ "ಕುಂಞಿ" ಎಲ್ಲೋ ಒಂದು ಕಡೆ ಹಾಗೇ ಉಳಿದಿದೆ.

ಐದು ದೃಶ್ಯ ಹೋಗಿ ಮೂರಾದವು. ಮೂರಕ್ಕೂ ಜಾಗ ಬೇರೆ, ಕಾಲ ಬೇರೆ. ಮುಖ್ಯವಾಗಿ, ಒಂದೊಂದರಲ್ಲೂ ಅವಳ ಬಗ್ಗೆ ನಮಗಿರುವ ತಿಳುವಳಿಕೆ ಒಂದೊಂದು ಸಲ ತಪ್ಪಾಗುತ್ತೆ.

ಮೊದಲನೆಯದು ಜನವರಿ, ಕೊಯ್ಲು ಮುಗಿದ ಗದ್ದೆ. ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಗದ್ದೆ ಒಣಗಿ ನಿಂತಿರುತ್ತೆ, ಊರ ಮಕ್ಕಳಿಗೆ ಅದೇ ಮೈದಾನ. ಭತ್ತದ ಕೂಳೆ ಅಲ್ಲಲ್ಲಿ ಚುಚ್ಚುತ್ತಿರುತ್ತೆ, ಚೆಂಡು ಅದಕ್ಕೆ ತಾಗಿ ಕಪ್ಪೆ ಹಾಗೆ ಕುಪ್ಪಳಿಸುತ್ತೆ. ದೇಚು ತಂಡದಲ್ಲೇ ಗಟ್ಟಿ ಹೊಡೆತದವಳು, ಅವಳಿಗೆ ಹೊಡೆಯೋದೇ ಬೇಕು. ದೊಡ್ಡಮ್ಮ ನಿಲ್ಲಿಸಲು ಹೇಳ್ತಾರೆ. ಹತ್ತು ಚೆಂಡಲ್ಲಿ ಒಂಬತ್ತು ಹಾರುತ್ತವೆ. "ಈ ಗದ್ದೇಲಿ ದೇವರು ಬಂದ್ರೂ ಚೆಂಡು ನಿಲ್ಲೋಲ್ಲ" ಅಂತ ಸ್ಟಿಕ್ ಎಸೆದು ಹೋಗ್ತಾಳೆ. ಓದುಗನಿಗೂ ಅದು ಸರಿ ಅನ್ನಿಸಬೇಕು. ಗದ್ದೆ ನಿಜಕ್ಕೂ ಕೆಟ್ಟದಾಗಿದೆ. ಈ ದೃಶ್ಯದ ಕೆಲಸ ಅಷ್ಟೇ, ಅವಳ ನೆಪಕ್ಕೆ ನಮ್ಮನ್ನೂ ಸೇರಿಸಿಕೊಳ್ಳುವುದು. ಇಲ್ಲಿ ಅವಳನ್ನು ಅಹಂಕಾರಿ ಅಂತ ತೋರಿಸುವ ಆಸೆ ನನಗೂ ಆಗಿತ್ತು. ಹಾಗೆ ಮಾಡಿದ್ದರೆ ಮುಂದಿನ ದೃಶ್ಯ ಸತ್ತೇ ಹೋಗುತ್ತಿತ್ತು.

ಎರಡನೆಯದು ಫೆಬ್ರವರಿ, ಕಾಫಿ ಕಣ. ಸಿಮೆಂಟ್ ನೆಲ, ನುಣುಪು, ಟರ್ಫ್ ಹಾಗೆ ವೇಗ. ಆದರೆ ಹಗಲೆಲ್ಲ ಅಲ್ಲಿ ಕಾಫಿ ಹಣ್ಣು ಒಣಗ್ತಿರುತ್ತೆ. ಸಂಜೆ ಅದನ್ನು ರಾಶಿ ಮಾಡಿ ಟಾರ್ಪಾಲ್ ಹೊದಿಸಿದ ಮೇಲೆ ಒಂದು ಪಟ್ಟಿಯಷ್ಟು ನೆಲ ಖಾಲಿ ಸಿಗುತ್ತೆ, ಹನ್ನೆರಡು ಮೀಟರ್ ಸಿಕ್ಕರೆ ಪುಣ್ಯ. ನಿಜವಾದ ಕಾರ್ನರ್‌ನಲ್ಲಿ ಚೆಂಡು ಹದಿನೆಂಟು ಮೀಟರ್ ಆಸುಪಾಸು ಬರಬೇಕು. ದೂರ ಕಡಿಮೆ ಆದ್ದರಿಂದ ಇಲ್ಲಿ ಇನ್ನೂ ಬೇಗ ಬರುತ್ತೆ. ಕಥೆಯ ಈ ಭಾಗವನ್ನು ಹಾಗೇ ಕೊಡ್ತೇನೆ:

"ರಾಶಿ ಎಳೆದು ಮುಗಿಸುವಷ್ಟರಲ್ಲಿ ಆರೂವರೆ. ದೇಚುವಿನ ಕೈಗೆ ಕಾಫಿ ಸಿಪ್ಪೆಯ ಹುಳಿ ವಾಸನೆ. ಮೊದಲ ಚೆಂಡು ಸ್ಟಿಕ್‌ಗೆ ಬಡಿದು ಟಾರ್ಪಾಲ್ ಕೆಳಗೆ ನುಗ್ಗಿತು. ಎರಡನೆಯದೂ. ಮೂರನೆಯದು ದೊಡ್ಡಮ್ಮನ ಕುರ್ಚಿ ಕಾಲಿಗೆ ತಾಗಿತು.

'ಇಲ್ಲಿ ಕೂಳೆ ಇಲ್ವಲ್ಲ ಕುಂಞಿ' ಅಂದರು ದೊಡ್ಡಮ್ಮ.

ಅವಳು ಮಾತಾಡಲಿಲ್ಲ. ಆ ಕಡೆಯಿಂದ ಅವನೇ ಹೇಳಿದ: 'ಅಕ್ಕ, ನೀನು ಚೆಂಡು ನೋಡ್ತಾನೇ ಇಲ್ಲ. ನನ್ನ ಮುಖ ನೋಡ್ತೀಯ. ನಾನು ತಳ್ಳೋ ಮುಂಚೇನೇ ಜಾಗ ಬಿಟ್ಟಿರ್ತೀಯ.'

'ನೀನು ಸೊಟ್ಟ ತಳ್ತೀಯಲ್ಲ, ಅದಕ್ಕೆ.'

'ಇವತ್ತು ಎಷ್ಟು ಸೊಟ್ಟ ಬಂತು?'

ಅವಳು ಎಣಿಸಿರಲಿಲ್ಲ."

ಇದರಲ್ಲಿ ಬೆವರಿನ ಮಾತಿಲ್ಲ, ಆದರೆ ಮೊದಲ ದೃಶ್ಯವನ್ನು ಇದು ಹಿಂದಕ್ಕೆ ಹೋಗಿ ಬದಲಾಯಿಸುತ್ತೆ. ತಪ್ಪು ಗದ್ದೆಯದಾಗಿರಲಿಲ್ಲ. ಕೈಯ ಬಿಗಿಗೂ ಒಂದು ಕಾರಣ ಇದೆ: ಅವನು ತಪ್ಪು ಮಾಡಿಯೇ ಮಾಡ್ತಾನೆ ಅಂತ ಮೊದಲೇ ತೀರ್ಮಾನಿಸಿ, ಆ ತಪ್ಪನ್ನು ತಿದ್ದಲು ಅವಳು ಹೊರಟಿರ್ತಾಳೆ. ಎರಡು ದೃಶ್ಯಗಳನ್ನು ಈಗ ಅದಲುಬದಲು ಮಾಡಲು ಆಗೋಲ್ಲ. ಕಣ ಮೊದಲು ಬಂದರೆ ಗದ್ದೆಯ ನೆಪಕ್ಕೆ ಬೆಲೆಯೇ ಇರೋಲ್ಲ.

ದೊಡ್ಡಮ್ಮ ಇಲ್ಲಿ ಉಪದೇಶ ಮಾಡೋಲ್ಲ, ಅದನ್ನು ಗಮನಿಸಿ. ಮೊದಲ ಕರಡಿನಲ್ಲಿ ಅವರಿಗೆ ನಂಬಿಕೆಯ ಬಗ್ಗೆ ಅರ್ಧ ಪುಟ ಭಾಷಣ ಕೊಟ್ಟಿದ್ದೆ. ಕಾರಣವನ್ನು ಕೋಚ್ ಹೇಳಿದರೆ ಅದು ಪಾಠ, ಎದುರಿನ ಆಟಗಾರ ಹೇಳಿದರೆ ಅದು ಜಗಳ. ಜಗಳದಲ್ಲಿ ಇಬ್ಬರೂ ಏನೋ ಒಂದನ್ನು ಕಳೆದುಕೊಳ್ಳಬಹುದು, ಅದಕ್ಕೇ ಓದುಗ ಎದ್ದು ಕೂರ್ತಾನೆ.

ಮೂರನೇ ದೃಶ್ಯಕ್ಕೆ ನಾನು ತುಂಬ ದಿನ ಒದ್ದಾಡಿದೆ. ಸುಲಭದ ದಾರಿ ಕಣ್ಣೆದುರೇ ಇತ್ತು: ಮತ್ತೆ ಕಣ, ಮತ್ತೆ ಚೆಂಡು, ಈ ಸಲ ನಿಲ್ಲುತ್ತೆ. ಆದರೆ ಯಾಕೆ ನಿಲ್ಲಬೇಕು? ಕಾರಣ ಗೊತ್ತಾದ ಮಾತ್ರಕ್ಕೆ ಮನುಷ್ಯ ಬದಲಾಗ್ತಾನಾ? ನಾನಂತೂ ಆಗಿಲ್ಲ. ಅವಳಿಗೆ ನಿಜವಾಗಿ ಏನಾದರೂ ಕಳೆದುಕೊಳ್ಳುವ ಭಯ ಇರುವ ಕಡೆ ಈ ನಂಬಿಕೆ ಪರೀಕ್ಷೆಗೆ ಬೀಳಬೇಕು. ಮೈದಾನದಲ್ಲಿ ಅವಳಿಗೆ ಕಳೆದುಕೊಳ್ಳಲು ಇರೋದು ಚೆಂಡು ಮಾತ್ರ. ತೋಟದಲ್ಲಿ ಬೇಕಾದಷ್ಟಿದೆ.

ರೊಬಸ್ಟಾ ಕಾಫಿ ತೋಟದವರಿಗೆ ಇದು ಗೊತ್ತು. ಕೊಯ್ಲು ಮುಗಿದ ಮೇಲೆ ಮೊಗ್ಗು ಕಟ್ಟಿ ನಿಂತ ಗಿಡಕ್ಕೆ ಫೆಬ್ರವರಿ, ಮಾರ್ಚಿನಲ್ಲಿ ಒಂದು ಒಳ್ಳೇ ಮಳೆ ಬೇಕು. ಅದೇ ಹೂಮಳೆ. ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗೆ ಅರಳುತ್ತೆ. ಬೀಳದಿದ್ದರೆ ಕೆರೆಯಿಂದ ಸ್ಪ್ರಿಂಕ್ಲರ್ ಹಾಕಬೇಕು, ತಡವಾದರೆ ಮೊಗ್ಗು ಕೆಡುತ್ತೆ, ಮುಂದಿನ ವರ್ಷದ ಫಸಲು ಹೋಗುತ್ತೆ. ನನ್ನ ಕಥೆಯಲ್ಲಿ ಎರಡು ಮನೆಗೂ ಕೆರೆ ಒಂದೇ, ನೀರು ಕಡಿಮೆ. ಪಾಲಾದಾಗಿನಿಂದ ಮೊದಲ ಸರದಿ ದೇಚುವಿನ ಮನೆಯದ್ದು. ಆ ವರ್ಷ ಚಿಕ್ಕಪ್ಪನ ತೋಟದ ಮೊಗ್ಗು ಮೊದಲು ಬಲಿತಿದೆ. ಹುಡುಗ ಫೋನ್ ಮಾಡಿ ಕೇಳ್ತಾನೆ: ಮೂರು ರಾತ್ರಿ ಮೊದಲು ನಮಗೆ ಬಿಡ್ತೀಯಾ, ಉಳಿದ ನೀರು ನಿನಗೆ ಸಾಲುವಷ್ಟು ಇರುತ್ತೆ, ನಾನು ನೋಡ್ಕೋತೀನಿ.

ಆ ರಾತ್ರಿ ಅವಳು ಕೆರೆ ಹತ್ತಿರ ಹೋಗ್ತಾಳೆ. ಪಂಪು ಓಡ್ತಿದೆ, ಆ ಕಡೆ ತೋಟದಲ್ಲಿ ಸ್ಪ್ರಿಂಕ್ಲರ್ ಚಟಚಟ ಅಂತ ತಿರುಗ್ತಿದೆ. ನೀರು ಎಲ್ಲಿವರೆಗೆ ಇಳಿದಿದೆ ಅಂತ ಟಾರ್ಚ್ ಹಾಕಿ ನೋಡಬೇಕು ಅನ್ನಿಸುತ್ತೆ. ಟಾರ್ಚ್ ಕೈಯಲ್ಲೇ ಇದೆ. ಹಾಕೋಲ್ಲ. ವಾಪಸ್ ಮನೆಗೆ ಬರ್ತಾಳೆ. ಇಡೀ ಕಥೆಯಲ್ಲಿ ನನಗೆ ಹಿಡಿಸಿದ ತರಬೇತಿ ದೃಶ್ಯ ಇದೇ. ಇದರಲ್ಲಿ ಸ್ಟಿಕ್ಕೂ ಇಲ್ಲ, ಚೆಂಡೂ ಇಲ್ಲ.

ಇಲ್ಲೊಂದು ಅಪಾಯ ಕಾದಿರುತ್ತೆ. ನೀರು ಬಿಟ್ಟುಕೊಟ್ಟಳು, ಮರುದಿನ ಚೆಂಡು ನಿಂತಿತು ಅಂತ ಬರೆದರೆ ಅದು ನೀತಿಕಥೆ ಆಗುತ್ತೆ. ಕೈಗೆ ಅಭ್ಯಾಸ ಬೇಡವೇ? ಹಾಗಾಗಿ ಮುಂದಿನ ಭಾನುವಾರ ಮೊದಲ ನಾಲ್ಕು ಚೆಂಡು ಹಾರಿಯೇ ಹೋಗುತ್ತವೆ. ಬದಲಾಗಿದ್ದು ಒಂದೇ, ಅವನು ತಳ್ಳುವ ಮುಂಚೆ ಅವಳು ಕದಲೋಲ್ಲ. ಅಲ್ಲಿಂದ ಮುಂದೆ ನಿಲ್ಲಿಸೋದು ಕೈಯ ಕೆಲಸ. ಆ ಕೈಯ ಕೆಲಸಕ್ಕೆ ನಾನು ಕೊಟ್ಟದ್ದು ಎರಡು ವಾಕ್ಯ, ಆರು ವಾರ. ಹುಡುಗನನ್ನೂ ಸಂತನನ್ನಾಗಿ ಮಾಡಲಿಲ್ಲ. ಅವನು ಹೇಳಿದ್ದಕ್ಕಿಂತ ಒಂದು ರಾತ್ರಿ ಜಾಸ್ತಿ ಪಂಪು ಓಡಿಸಿರ್ತಾನೆ. ನಂಬಿದ್ದಕ್ಕೆ ಸ್ವಲ್ಪ ನಷ್ಟ ಆಗಿದೆ, ಅದು ಅವಳಿಗೆ ಗೊತ್ತೂ ಇದೆ. ಆದರೂ ಅವನ ಎದುರು ಬಂದು ನಿಲ್ತಾಳೆ.

ಇನ್ನು ಪಂದ್ಯ. ಸೋಲುವ ತಂಡದ ಕಥೆ ಜಾಸ್ತಿ ಹಳ್ಳ ಹಿಡಿಯೋದು ಇಲ್ಲೇ. ತರಬೇತಿಯಲ್ಲಿ ಕಲಿತದ್ದು ಒಂದು, ಪಂದ್ಯ ಗೆಲ್ಲಿಸುವುದು ಇನ್ನೊಂದು. ಕೊನೇ ನಿಮಿಷದಲ್ಲಿ ನಾಯಕಿ ನಾಲ್ಕು ಜನರನ್ನು ದಾಟಿ ಒಬ್ಬಳೇ ಗೋಲು ಹೊಡೆದರೆ ಗದ್ದೆ, ಕಣ, ಕೆರೆ ಎಲ್ಲ ಯಾಕೆ ಬೇಕಿತ್ತು? ಹಾಗಾಗಿ ಇನ್ನೊಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಒಂದು ತರಬೇತಿ ದೃಶ್ಯ ಕಿತ್ತು ಹಾಕಿ ಕೊನೇ ಪಂದ್ಯ ಓದಬೇಕು. ಪಂದ್ಯ ಆಗಲೂ ಅಷ್ಟೇ ಅರ್ಥವಾದರೆ ಆ ದೃಶ್ಯ ದಂಡ.

ನನ್ನ ಪಂದ್ಯ ಏಪ್ರಿಲ್‌ನಲ್ಲಿ, ಮಣ್ಣಿನ ಮೈದಾನದಲ್ಲಿ. ವಾರಗಟ್ಟಲೆ ದಿನಾ ಆಡಿ ಸರ್ಕಲ್ ತುದಿ ಕಿತ್ತು ಹೋಗಿದೆ. ಅಂದರೆ ಗದ್ದೆ ವಾಪಸ್ ಬಂದಿದೆ. ಅವಳು ಅಂದು ಹೇಳಿದ ನೆಪ ಈಗ ನಿಜ. ಗೋಲು ಒಂದು-ಒಂದು ಸಮ, ಕಾರ್ನರ್ ಸಿಗುತ್ತೆ. ಹುಡುಗ ತಳ್ಳಿದ ಚೆಂಡು ಒಂದು ಗುಳಿಗೆ ತಾಗಿ ಅರ್ಧ ಅಡಿ ಎಡಕ್ಕೆ ಹೊರಳುತ್ತೆ. ಜನವರಿಯ ದೇಚು ಆಗಿದ್ದರೆ ಅವನು ಬಲಕ್ಕೆ ಸೊಟ್ಟ ತಳ್ತಾನೆ ಅಂತ ಊಹಿಸಿ ಆಗಲೇ ಬಲಕ್ಕೆ ಹೊರಟಿರುತ್ತಿದ್ದಳು, ಚೆಂಡು ಅವಳ ಎಡಗಡೆಯಿಂದ ಹೋಗುತ್ತಿತ್ತು. ಈಗ ಅವಳು ಇದ್ದಲ್ಲೇ ಇದ್ದಾಳೆ. ಹೊರಳಿದ್ದನ್ನು ಕಂಡ ಮೇಲೆ ಸ್ಟಿಕ್ ಎಡಕ್ಕೆ ಎಳೀತಾಳೆ. ಚೆಂಡು ಅಂಟಿದ ಹಾಗೆ ನಿಲ್ಲೋಲ್ಲ, ಒಂದು ಗೇಣು ಆಚೆ ಉರುಳಿ ನಿಲ್ಲುತ್ತೆ. ಸರ್ಕಲ್ ಒಳಕ್ಕೆ ಸರಿಸಿ ಪಕ್ಕಕ್ಕೆ ಜಿಗೀತಾಳೆ. ಹೊಡೆಯೋದು ಐವತ್ತೆರಡು ವರ್ಷದ ಚಿಕ್ಕಪ್ಪ. ಕಾರ್ನರ್‌ನ ಮೊದಲ ಹೊಡೆತ ಬೀಸಿ ಹೊಡೆದದ್ದಾದರೆ ಗೋಲಿನೊಳಗಿನ ಹಲಗೆಯ ಎತ್ತರ, ಅಂದರೆ 46 ಸೆಂಟಿಮೀಟರ್ ಮೀರಬಾರದು. ಮಂಡಿ ಬಗ್ಗದ ಚಿಕ್ಕಪ್ಪನ ಹೊಡೆತ ಯಾವತ್ತೂ ಅದಕ್ಕಿಂತ ಮೇಲೆ ಹೋದದ್ದೇ ಇಲ್ಲ. ಹಲಗೆಗೆ ಚೆಂಡು ಬಡಿದ ಸದ್ದು ಕೇಳುತ್ತೆ.

ಸ್ಕೋರ್ ಪುಸ್ತಕದಲ್ಲಿ ಬೀಳೋದು ಚಿಕ್ಕಪ್ಪನ ಹೆಸರು. ನಿಲ್ಲಿಸಿದವರಿಗೆ ಅಲ್ಲಿ ಜಾಗ ಇಲ್ಲ. ಮುಂದಿನ ಸುತ್ತಿನಲ್ಲಿ ಅವರು ನಾಲ್ಕು ಗೋಲಿನಿಂದ ಸೋಲ್ತಾರೆ, ಅದನ್ನು ಅರ್ಧ ಸಾಲಿನಲ್ಲಿ ಮುಗಿಸಿದೆ.

ಗುಡ್ಡದ ಓಟ ಪೂರ್ತಿ ಹೋಗಲಿಲ್ಲ. ಎರಡನೇ ಪುಟದಲ್ಲಿ ಒಂದು ವಾಕ್ಯ ಉಳಿದಿದೆ: "ಬೆಳಿಗ್ಗೆ ಗುಡ್ಡ ಓಡಿ ಬಂದು, ಸ್ನಾನಕ್ಕೆ ಮುಂಚೆ ಕೂಲಿ ಲೆಕ್ಕ ಬರೆದಳು."